ಒಂದೇ ಅಂಕದ ಎರಡು ಅಪಾಯಗಳು

ಸಂಭವನೀಯತೆ–ಪರಿಣಾಮ ಮ್ಯಾಟ್ರಿಕ್ಸ್ ಎಂಬುದು ಚೌಕ ಮನೆಗಳ ಒಂದು ಕೋಷ್ಟಕ. ಒಂದು ಬದಿಯಲ್ಲಿ ಅಪಾಯ ಘಟಿಸುವ ಸಾಧ್ಯತೆ ಎಷ್ಟು ಎಂಬುದಕ್ಕೆ 1ರಿಂದ 5ರವರೆಗೆ ದರ್ಜೆ. ಇನ್ನೊಂದು ಬದಿಯಲ್ಲಿ ಘಟಿಸಿದರೆ ಆಗುವ ನಷ್ಟಕ್ಕೂ ಅಷ್ಟೇ ದರ್ಜೆ. ಎರಡನ್ನೂ ಗುಣಿಸಿದರೆ ಅಪಾಯದ ಅಂಕ ಸಿಗುತ್ತದೆ. ಒಟ್ಟು 25 ಮನೆಗಳಿಗೆ ಹಸಿರು, ಹಳದಿ, ಕೆಂಪು ಬಣ್ಣ ಬಳಿಯುತ್ತಾರೆ. ಕಟ್ಟಡ, ಸಾಫ್ಟ್‌ವೇರ್, ಔಷಧ ತಯಾರಿಕೆ, ಸೇನೆ ಎಲ್ಲೆಡೆ ಇದು ಬಳಕೆಯಲ್ಲಿದೆ. ನೋಡಿದರೆ ಗಣಿತದಂತೆ ಕಾಣುವ ಈ ಅಂಕಗಳು ನಿಜಕ್ಕೂ ಅಳತೆಯಲ್ಲ, ಸಾಲಿನಲ್ಲಿ ನಿಂತ ಕ್ರಮ ಮಾತ್ರ. ಓಟದಲ್ಲಿ ನಾಲ್ಕನೆಯವನಾಗಿ ಬಂದವನು ಎರಡನೆಯವನ ಎರಡರಷ್ಟು ಸಮಯ ತೆಗೆದುಕೊಂಡ ಎಂದು ಹೇಳಲಾಗದಷ್ಟೇ ಇಲ್ಲಿಯೂ. ಆದ್ದರಿಂದಲೇ ಇದನ್ನು ಪರಿಮಾಣಾತ್ಮಕ ಎನ್ನದೆ ಗುಣಾತ್ಮಕ ವಿಧಾನ ಎನ್ನುವುದು.

ವಿಧಾನ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ಕಲ್ಪಿತ ಉದಾಹರಣೆ ಸಾಕು. ಕರಾವಳಿಯ ಒಂದು ಶಿಕ್ಷಣ ಟ್ರಸ್ಟ್ 8 ಕೋಟಿ ರೂಪಾಯಿಯ ಹಾಸ್ಟೆಲ್ ಕಟ್ಟಿಸುತ್ತಿದೆ. ನವೆಂಬರಿನಲ್ಲಿ ಕೆಲಸ ಶುರು, ಮಳೆ ಹಿಡಿಯುವ ಮೊದಲೇ ತಾರಸಿ, ಜುಲೈ 15ಕ್ಕೆ ವಿದ್ಯಾರ್ಥಿಗಳ ಪ್ರವೇಶ. ಕೆಲಸ ಮಾಡಿಸುವವರು ಪ್ರಾಜೆಕ್ಟ್ ಮ್ಯಾನೇಜರ್. ಹಣ ಮಂಜೂರು ಮಾಡಿ, ಫಲಕ್ಕೆ ಹೊಣೆ ಹೊರುವವರು ಟ್ರಸ್ಟಿನ ಅಧ್ಯಕ್ಷರು. ಪ್ರಾಜೆಕ್ಟ್ ಭಾಷೆಯಲ್ಲಿ ಅವರೇ ಸ್ಪಾನ್ಸರ್. ಕ್ರಿಕೆಟ್ ಅಂಗಿಯ ಮೇಲೆ ಹೆಸರು ಹಾಕಿಸುವ ಸ್ಪಾನ್ಸರಿಗೂ ಇವರಿಗೂ ಸಂಬಂಧವಿಲ್ಲ.

ಅಂಕ ಹಾಕುವ ಮೊದಲು ಅಪಾಯವನ್ನು ಪೂರ್ತಿ ವಾಕ್ಯದಲ್ಲಿ ಬರೆಯಬೇಕು. ‘ಮಣ್ಣಿನ ಸಮಸ್ಯೆ’ ಎಂದು ಬರೆದಿಟ್ಟರೆ ಅದಕ್ಕೆ ಯಾರೂ ಅಂಕ ಕೊಡಲಾರರು. ಕಾರಣ, ಘಟನೆ, ಪರಿಣಾಮ ಮೂರೂ ಇರಬೇಕು: ‘ಕರಾವಳಿಯಲ್ಲಿ ಮುರಕಲ್ಲಿನ ಪದರದ ಕೆಳಗೆ ಶೇಡಿ ಮಣ್ಣು ಇರುವುದುಂಟು, ಪಾಯ ತೋಡುವಾಗ ಅದು ಸಿಕ್ಕಿದರೆ ಸಾಮಾನ್ಯ ಪಾಯ ಸಾಲದೆ ಪೈಲ್ ಹಾಕಬೇಕಾಗಿ, ಸುಮಾರು ಒಂದು ಕೋಟಿ ಹೆಚ್ಚಾಗುತ್ತದೆ.’ ಶೇಡಿ ಮಣ್ಣು ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಸತ್ವ ಕಳೆದುಕೊಳ್ಳುತ್ತದೆ. ಹೀಗೆ ಬರೆದಾಗ ಮಾತ್ರ ಎಷ್ಟು ಸಾಧ್ಯತೆ, ಎಷ್ಟು ನಷ್ಟ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬಹುದು.

ಮುಂದಿನ ಹೆಜ್ಜೆ ದರ್ಜೆಗಳಿಗೆ ಅರ್ಥ ನಿಗದಿ ಮಾಡುವುದು. ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ. ‘ಕಡಿಮೆ’, ‘ಮಧ್ಯಮ’, ‘ಹೆಚ್ಚು’ ಎಂಬ ಪದಗಳನ್ನಷ್ಟೇ ಇಟ್ಟುಕೊಂಡರೆ ಪ್ರತಿಯೊಬ್ಬರ ತಲೆಯಲ್ಲೂ ಬೇರೆ ಬೇರೆ ಸಂಖ್ಯೆ ಓಡುತ್ತದೆ. ಇದಕ್ಕೆ ಹಳೆಯದೊಂದು ದೃಷ್ಟಾಂತವಿದೆ. 1951ರಲ್ಲಿ ಅಮೆರಿಕದ ಗುಪ್ತಚರ ತಜ್ಞರು ಯುಗೊಸ್ಲಾವಿಯಾದ ಮೇಲೆ ದಾಳಿ ನಡೆಯುವುದು ‘ಗಂಭೀರ ಸಾಧ್ಯತೆ’ ಎಂದು ವರದಿ ಬರೆದರು. ಆ ಮಾತಿನ ಅರ್ಥವೇನೆಂದು ಶೆರ್ಮನ್ ಕೆಂಟ್ ಆಮೇಲೆ ತಮ್ಮ ಸಹೋದ್ಯೋಗಿಗಳನ್ನು ಕೇಳಿದಾಗ ಒಬ್ಬರ ಮನಸ್ಸಿನಲ್ಲಿ ಶೇ. 20 ಇತ್ತು, ಇನ್ನೊಬ್ಬರ ಮನಸ್ಸಿನಲ್ಲಿ ಶೇ. 80. ಎಲ್ಲರೂ ಒಪ್ಪಿದ್ದ ಪದ ಅದು! ಕನ್ನಡದಲ್ಲೂ ಇದೇ ಕಥೆ. ‘ಮಳೆ ಬಂದೀತು’, ‘ಬರಬಹುದು’, ‘ಬಂದರೂ ಬಂತು’ ಇವುಗಳ ನಡುವಿನ ಅಂತರ ಕಿವಿಗೆ ಗೊತ್ತು, ಆದರೆ ಗುತ್ತಿಗೆದಾರನಿಗೂ ಎಂಜಿನಿಯರನಿಗೂ ಒಂದೇ ಪ್ರಮಾಣದಲ್ಲಿ ಗೊತ್ತಿರುವುದಿಲ್ಲ.

ಹಾಗಾಗಿ ಹಾಸ್ಟೆಲಿನ ತಂಡ ಸಂಖ್ಯೆಗಳನ್ನೇ ಬರೆದುಕೊಳ್ಳುತ್ತದೆ. ಸಾಧ್ಯತೆ ಶೇ. 10ರೊಳಗಿದ್ದರೆ 1ನೇ ದರ್ಜೆ, 30ರವರೆಗೆ 2, 50ರವರೆಗೆ 3, 70ರವರೆಗೆ 4, ಅದಕ್ಕಿಂತ ಮೇಲಿದ್ದರೆ 5. ಪರಿಣಾಮಕ್ಕೆ ರೂಪಾಯಿ: 4 ಲಕ್ಷದವರೆಗಿನ ನಷ್ಟ 1ನೇ ದರ್ಜೆ, 16 ಲಕ್ಷದವರೆಗೆ 2, 40 ಲಕ್ಷದವರೆಗೆ 3, 80 ಲಕ್ಷದವರೆಗೆ 4, ಅಂದರೆ ಬಜೆಟ್ಟಿನ ಶೇ. 10ನ್ನು ಮೀರಿದ್ದು 5. ದಿನಗಳಿಗೂ ಇಂಥದೇ ಪಟ್ಟಿ; ಅದರಲ್ಲಿ ನಾಲ್ಕರಿಂದ ಎಂಟು ವಾರಗಳ ವಿಳಂಬ 4ನೇ ದರ್ಜೆ. ಹಣದ ದರ್ಜೆ ಒಂದು, ಸಮಯದ ದರ್ಜೆ ಇನ್ನೊಂದು ಬಂದರೆ ದೊಡ್ಡದನ್ನೇ ಹಿಡಿಯುತ್ತಾರೆ. ಸರಾಸರಿ ತೆಗೆದರೆ ಎರಡು ತಿಂಗಳ ವಿಳಂಬವೊಂದು ಕಡಿಮೆ ಖರ್ಚಿನ ಹಿಂದೆ ಅಡಗಿ ಕೂರುತ್ತದೆ.

ಈಗ ಅಂಕ. ಶೇಡಿ ಮಣ್ಣು ಸಿಗುವ ಸಾಧ್ಯತೆ ಶೇ. 20 ಎಂದು ಅಕ್ಕಪಕ್ಕದ ಕಟ್ಟಡಗಳ ಅನುಭವದಿಂದ ಅಂದಾಜು, ದರ್ಜೆ 2. ನಷ್ಟ ಒಂದು ಕೋಟಿ, ದರ್ಜೆ 5. ಅಂಕ 10. ಇನ್ನೊಂದು ಅಪಾಯ ಎಂ-ಸ್ಯಾಂಡ್ ದರ ಏರಿಕೆ: ಸಾಧ್ಯತೆ ಶೇ. 80, ದರ್ಜೆ 5. ನಷ್ಟ 10 ಲಕ್ಷ, ದರ್ಜೆ 2. ಇದಕ್ಕೂ ಅಂಕ 10. ಕೋಷ್ಟಕದ ಲೆಕ್ಕದಲ್ಲಿ ಎರಡೂ ಸಮ. ಆದರೆ ಸಾಧ್ಯತೆಯನ್ನು ರೂಪಾಯಿಗೇ ಗುಣಿಸಿ ನೋಡಿದರೆ ಮೊದಲನೆಯದರ ಸರಾಸರಿ ಭಾರ 20 ಲಕ್ಷ, ಎರಡನೆಯದರದ್ದು 8 ಲಕ್ಷ. ಅದಕ್ಕಿಂತ ಮುಖ್ಯವಾಗಿ, ಮರಳಿನ ದರ ಏರಿದರೆ ಟ್ರಸ್ಟ್ ಗೊಣಗಿಕೊಂಡು ದುಡ್ಡು ಕೊಡುತ್ತದೆ. ಶೇಡಿ ಮಣ್ಣು ಸಿಕ್ಕಿದರೆ ಕೆಲಸವೇ ನಿಲ್ಲಬಹುದು.

ಈ ದೋಷಕ್ಕೆ ಬಳಕೆಯಲ್ಲಿರುವ ಮದ್ದು ಪರಿಣಾಮದ ದರ್ಜೆಗಳಿಗೆ 1, 2, 3, 4, 5ರ ಬದಲು ದ್ವಿಗುಣಿಸುತ್ತ ಹೋಗುವ 1, 2, 4, 8, 16 ಎಂಬ ತೂಕ ಕೊಡುವುದು. ಆಗ ಶೇಡಿ ಮಣ್ಣಿನ ಅಂಕ 32 ಆಗುತ್ತದೆ, ಮರಳಿನದು 10ರಲ್ಲೇ ಉಳಿಯುತ್ತದೆ. ಆದರೆ ಮದ್ದಿನಿಂದ ವಾಸಿಯಾಗದ ರೋಗವೂ ಒಂದಿದೆ. ಶೇ. 31 ಸಾಧ್ಯತೆ, 17 ಲಕ್ಷ ನಷ್ಟ ಇರುವ ಅಪಾಯ 3ನೇ ದರ್ಜೆಗೆ ಬೀಳುತ್ತದೆ, ಶೇ. 29 ಸಾಧ್ಯತೆ, 39 ಲಕ್ಷ ನಷ್ಟದ್ದು 2ನೇ ದರ್ಜೆಗೆ. ನಷ್ಟದ ದರ್ಜೆ ಇಬ್ಬರಿಗೂ 3. ಹೀಗಾಗಿ ಸುಮಾರು 5 ಲಕ್ಷ ಭಾರದ್ದು 11 ಲಕ್ಷ ಭಾರದ್ದಕ್ಕಿಂತ ಮೇಲೆ ಕೂರುತ್ತದೆ. ದರ್ಜೆಯ ಗಡಿ ಇರುವವರೆಗೂ ಇದು ತಪ್ಪದು. ಲೂಯಿಸ್ ಆಂಟನಿ ಕಾಕ್ಸ್ 2008ರ ಪ್ರಬಂಧವೊಂದರಲ್ಲಿ ಇದನ್ನು ಗಣಿತದಿಂದ ತೋರಿಸಿದರು: ಅಪರೂಪದ ಅಪಾಯಗಳು ದೊಡ್ಡವು, ಪದೇ ಪದೇ ಬರುವವು ಚಿಕ್ಕವು ಎಂಬಂಥ ಸಂದರ್ಭದಲ್ಲಿ ಮ್ಯಾಟ್ರಿಕ್ಸ್ ಕೊಡುವ ಕ್ರಮ ಚೀಟಿ ಎತ್ತಿ ನಿರ್ಧರಿಸುವುದಕ್ಕಿಂತಲೂ ಕೆಟ್ಟದಾಗಬಹುದು. ಮ್ಯಾಟ್ರಿಕ್ಸನ್ನು ಬಿಸಾಡಬೇಕು ಎಂದು ಇದರ ಅರ್ಥವಲ್ಲ. ಅದು ಜರಡಿ, ತಕ್ಕಡಿಯಲ್ಲ. ಮೇಲೆ ಉಳಿದ ಐದಾರು ಅಪಾಯಗಳನ್ನು ರೂಪಾಯಿಯಲ್ಲೇ ಲೆಕ್ಕ ಹಾಕಿ ನೋಡಬೇಕು.

ಅಂಕ ಹಾಕುವುದು ಮ್ಯಾನೇಜರಿನ ಕೆಲಸ. ಆದರೆ ಎಷ್ಟು ಅಂಕಕ್ಕೆ ಕೆಂಪು ಶುರು ಎಂಬ ಗೆರೆ ಎಳೆಯುವ ಅಧಿಕಾರ ಅವರದ್ದಲ್ಲ, ನಷ್ಟ ಹೊರುವವರದ್ದು. ಸ್ಪಾನ್ಸರ್ ಎಷ್ಟರಮಟ್ಟಿಗೆ ಅಪಾಯಕ್ಕೆ ಒಡ್ಡಿಕೊಳ್ಳಲು ಸಿದ್ಧ ಎಂಬುದಕ್ಕೆ ರಿಸ್ಕ್ ಅಪೆಟೈಟ್ ಎನ್ನುತ್ತಾರೆ. ಅಪೆಟೈಟ್ ಎಂದರೆ ಹಸಿವು. ಅರಗಿಸಿಕೊಳ್ಳುವ ಶಕ್ತಿ ಎಂದು ತಿಳಿದರೆ ವಿಷಯಕ್ಕೆ ಹತ್ತಿರ. ಅದನ್ನು ಸಂಖ್ಯೆಯಲ್ಲಿ ಹೇಳಿದಾಗ ಮಿತಿ ಆಗುತ್ತದೆ.

ನೇರವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ‘ನಿಮ್ಮ ರಿಸ್ಕ್ ಅಪೆಟೈಟ್ ಎಷ್ಟು ಸರ್?’ ಎಂದರೆ ಅಧ್ಯಕ್ಷರು ‘ರಿಸ್ಕ್ ಗಿಸ್ಕ್ ಏನೂ ಬೇಡ ಮಾರಾಯ್ರೆ’ ಎನ್ನುತ್ತಾರೆ. ಶೂನ್ಯ ಅಪಾಯದ ಕಟ್ಟಡವನ್ನು 8 ಕೋಟಿಗೆ ಯಾರೂ ಕಟ್ಟಿಕೊಡಲಾರರು. ಆದ್ದರಿಂದ ಪ್ರಶ್ನೆಯನ್ನು ಅವರ ಜೇಬಿಗೂ ಕ್ಯಾಲೆಂಡರಿಗೂ ತಾಗುವಂತೆ ಕೇಳಬೇಕು. ಬಾಗಿಲು ತೆರೆಯುವುದು ಎರಡು ವಾರ ತಡವಾದರೆ? ‘ಹಳೇ ಸಭಾಂಗಣದಲ್ಲಿ ಮಲಗಿಸುವ.’ ಒಂದು ತಿಂಗಳು ಮೀರಿದರೆ? ‘ಬಾಡಿಗೆ ಮನೆ ಹುಡುಕಬೇಕು, ಪೋಷಕರು ಸುಮ್ಮನಿರುವುದಿಲ್ಲ.’ ಖರ್ಚು 15 ಲಕ್ಷ ಹೆಚ್ಚಾದರೆ? ‘ಕೊಡುವ.’ 50 ಲಕ್ಷ? ‘ಕಾದಿಟ್ಟದ್ದೇ 40 ಲಕ್ಷ. ಅದರ ಮೇಲಾದರೆ ಟ್ರಸ್ಟಿಗಳ ಸಭೆ ಕರೆದು ಸಾಲ ಮಾಡಬೇಕು.’ ಹತ್ತು ನಿಮಿಷದ ಮಾತಿನಲ್ಲಿ ಎರಡು ನಿಜವಾದ ಮಿತಿಗಳು ಸಿಕ್ಕವು: 40 ಲಕ್ಷ, ನಾಲ್ಕು ವಾರ. ಎರಡೂ 3 ಮತ್ತು 4ನೇ ದರ್ಜೆಗಳ ನಡುವಿನ ಗಡಿಯಲ್ಲೇ ನಿಂತಿವೆ. ಹಾಗೆ ನಿಲ್ಲದಿದ್ದರೆ ಬದಲಾಯಿಸಬೇಕಾದದ್ದು ದರ್ಜೆಯ ಪಟ್ಟಿಯನ್ನು.

ಈ ಉತ್ತರಗಳಿಂದ ಬಣ್ಣಗಳು ಹುಟ್ಟುತ್ತವೆ. ದ್ವಿಗುಣ ತೂಕದ ಲೆಕ್ಕದಲ್ಲಿ 8ಕ್ಕಿಂತ ಕಡಿಮೆ ಹಸಿರು, ಮ್ಯಾನೇಜರೇ ನೋಡಿಕೊಳ್ಳಬಹುದು. 8ರಿಂದ 23ರವರೆಗೆ ಹಳದಿ, ತಿಂಗಳ ವರದಿಯಲ್ಲಿ ಬರಬೇಕು. 24 ಮತ್ತು ಮೇಲಿನದು ಕೆಂಪು, ಎರಡು ದಿನದೊಳಗೆ ಅಧ್ಯಕ್ಷರ ಲಿಖಿತ ತೀರ್ಮಾನ ಬೇಕು. ಹೀಗೆ ಗೆರೆ ಎಳೆದರೆ 40 ಲಕ್ಷ ಮೀರುವ ಮೇಲಿನ ಎರಡು ಸಾಲುಗಳಲ್ಲಿ ಹಸಿರು ಮನೆಯೇ ಉಳಿಯುವುದಿಲ್ಲ. ಕಾರ್ಮಿಕರ ಜೀವಕ್ಕೆ ಕುತ್ತು ತರುವ ಅಪಾಯ ಮಾತ್ರ ಈ ಗುಣಾಕಾರಕ್ಕೇ ಬರಬಾರದು. ಅಂಕ ಎಷ್ಟೇ ಇರಲಿ, ಅದು ನೇರ ಅಧ್ಯಕ್ಷರಿಗೆ ಹೋಗಬೇಕು.

ಈ ಒಪ್ಪಂದ ಅಪಾಯಗಳ ಪಟ್ಟಿ ತಯಾರಾಗುವ ಮೊದಲೇ ಆಗಿ, ಸಹಿ ಬಿದ್ದಿರಬೇಕು. ಪಟ್ಟಿ ನೋಡಿದ ಮೇಲೆ ಗೆರೆ ಎಳೆಯಲು ಕುಳಿತರೆ, ಮುಜುಗರದ ಅಪಾಯಗಳೆಲ್ಲ ಕೆಂಪಿನ ಹೊರಗೆ ಉಳಿಯುವಂತೆ ಗೆರೆಯೇ ಸರಿದುಹೋಗುತ್ತದೆ. ಸಹಿ ಬಿದ್ದ ಮೇಲೆ ಗೆರೆ ಅಲುಗದು, ಆಗ ಅಂಕಗಳು ಅಲುಗತೊಡಗುತ್ತವೆ. ಕೆಂಪು 24ಕ್ಕೆ ಶುರುವಾಗುವ ರಿಜಿಸ್ಟರಿನಲ್ಲಿ 16 ಮತ್ತು 20ರಲ್ಲೇ ಅಪಾಯಗಳು ಗುಂಪುಗಟ್ಟಿದ್ದರೆ, ಯಾರೋ ಕೆಂಪಿನಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ತಿಳಿಯಬೇಕು. ಕೆಲಸವೇನೂ ನಡೆಯದೆ ಕಳೆದ ತಿಂಗಳ 32 ಈ ತಿಂಗಳು 16 ಆಗಿದ್ದರೂ ಅದೇ ಅನುಮಾನ.

ಅಂಕ ಇಳಿಯಬೇಕಾದರೆ ಏನಾದರೂ ನಡೆದಿರಬೇಕು. ಶೇಡಿ ಮಣ್ಣಿನ ವಿಷಯದಲ್ಲಿ ಅದು ಬೋರ್ ಹಾಕಿ ಮಣ್ಣು ಪರೀಕ್ಷಿಸುವುದು. ಪಾಯದ ಆಳದಲ್ಲಿ ಶೇಡಿ ಇಲ್ಲವೆಂದು ವರದಿ ಬಂದರೆ ಸಾಧ್ಯತೆ 1ನೇ ದರ್ಜೆಗೆ ಇಳಿದು ಅಂಕ 16 ಆಗುತ್ತದೆ, ಬಣ್ಣ ಹಳದಿ. ಇದೆ ಎಂದು ಬಂದರೆ ಅದು ಅಪಾಯವಾಗಿ ಉಳಿಯುವುದೇ ಇಲ್ಲ, ಖಚಿತ ಖರ್ಚಾಗುತ್ತದೆ. ಮ್ಯಾಟ್ರಿಕ್ಸಿನಿಂದ ತೆಗೆದು ಬಜೆಟ್ಟಿಗೆ ಸೇರಿಸಬೇಕು. ಒಂದು ಕೋಟಿಯ ಆಘಾತವನ್ನು ಅಡಿಪಾಯ ತೋಡುವ ಮೊದಲೇ ತಿಳಿದಂತಾಯಿತು.

ಒಂದೊಂದೇ ಮನೆಯನ್ನು ನೋಡುವ ಈ ಕೋಷ್ಟಕಕ್ಕೆ ಮೊತ್ತ ಕಾಣುವುದಿಲ್ಲ ಎಂಬುದನ್ನೂ ಮರೆಯಬಾರದು. ತಲಾ 8 ಲಕ್ಷ ಭಾರದ ಆರು ಹಳದಿ ಅಪಾಯಗಳಿದ್ದರೆ ಒಂದೂ ಕೆಂಪಲ್ಲ, ಆದರೆ ಒಟ್ಟು 48 ಲಕ್ಷ. ಕಾದಿಟ್ಟ 40 ಲಕ್ಷಕ್ಕಿಂತ ಹೆಚ್ಚು. ಆದ್ದರಿಂದ ಮೊತ್ತಕ್ಕೂ ಒಂದು ಮಿತಿ ಬರೆದಿಡುವುದು ವಾಡಿಕೆ. ಮಿತಿಗಳೂ ಶಾಶ್ವತವಲ್ಲ. ಮಾರ್ಚ್ ಹೊತ್ತಿಗೆ ಕಾದಿಟ್ಟ ಹಣ 15 ಲಕ್ಷಕ್ಕೆ ಇಳಿದಿದ್ದರೆ, ನವೆಂಬರಿನಲ್ಲಿ ತಿಂಗಳ ವರದಿಯಲ್ಲಿ ಬಂದರೆ ಸಾಕಾಗಿದ್ದ 3ನೇ ದರ್ಜೆಯ ನಷ್ಟವೂ ಈಗ ಟ್ರಸ್ಟಿನ ಕೈಮೀರಿದ್ದು, ಅದೂ ಅಧ್ಯಕ್ಷರ ಸಹಿಗೆ ಹೋಗಬೇಕು.