ಹನ್ನೆರಡು ಫೋಟೊ, ಒಂದೇ ಆನೆ

ಚನ್ನಪಟ್ಟಣದ ಒಂದು ಗಾಲಿ ಆನೆ. ಆಲೆ ಮರದ ಮೈ, ಅದರ ಮೇಲೆ ಹೊಳೆಯುವ ಅರಗಿನ ಬಣ್ಣ. ಹೊಟ್ಟೆಯ ಸುತ್ತ ಹಳದಿ, ಕೆಂಪು, ಹಸಿರು ಪಟ್ಟೆ. ಎತ್ತಿದ ಸೊಂಡಿಲು, ನಾಲ್ಕು ಗಾಲಿ, ಹಿಂದೆ ಬಾಲದ ಜಾಗದಲ್ಲೊಂದು ಪುಟ್ಟ ಮರದ ಗೂಟ. ಇದನ್ನು ತಯಾರಿಸುವವರಿಗೆ ದಸರಾ ಬೊಂಬೆಗಳ ನಡುವೆ ನಿಂತ ಆನೆಯ ಚಿತ್ರವೊಂದು ಬೇಕು, ತೊಟ್ಟಿಲ ಪಕ್ಕದ ಚಿತ್ರ ಇನ್ನೊಂದು, ಮಳೆ ಬೀಳುವ ಜಗಲಿಯ ಮೇಲಿನದು ಮತ್ತೊಂದು ಎಂದಿಟ್ಟುಕೊಳ್ಳೋಣ. ಚಿತ್ರ ಬರೆಯುವ ಎಐ ಮಾಡೆಲ್‌ಗೆ ‘ಗಾಲಿಗಳಿರುವ ಬಣ್ಣದ ಮರದ ಆನೆ’ ಎಂದು ಬರೆದು ಕೊಟ್ಟರೆ ಆನೆಯೇನೋ ಬರುತ್ತದೆ. ಆದರೆ ಪ್ರತಿ ಸಲವೂ ಬೇರೆ ಆನೆ. ಒಮ್ಮೆ ಸೊಂಡಿಲು ಕೆಳಗಿಳಿದಿರುತ್ತದೆ, ಇನ್ನೊಮ್ಮೆ ಪಟ್ಟೆ ನಾಲ್ಕಾಗಿರುತ್ತವೆ, ಮತ್ತೊಮ್ಮೆ ಗಾಲಿಯೇ ಮಾಯ.

ಇಂಥ ಮಾಡೆಲ್ ಹಳೆಯ ಚಿತ್ರವನ್ನು ಹುಡುಕಿ ತರುವುದಿಲ್ಲ. ಬರೀ ಚುಕ್ಕೆಗಳ ಗೊಂದಲದಿಂದ ಶುರುಮಾಡಿ, ಗೊಂದಲವನ್ನು ಹಂತಹಂತವಾಗಿ ಕಳೆಯುತ್ತ ಹೊಸ ಚಿತ್ರವನ್ನು ಕಟ್ಟುತ್ತದೆ. ಮಾತಿನಲ್ಲಿ ಹೇಳದೆ ಬಿಟ್ಟದ್ದನ್ನೆಲ್ಲ ತಾನೇ ತುಂಬಿಕೊಳ್ಳುತ್ತದೆ. ಸೊಂಡಿಲಿನ ಬಾಗು ಎಷ್ಟು, ಹೊಟ್ಟೆಗೂ ಗಾಲಿಗೂ ಅಳತೆಯ ಹೊಂದಾಣಿಕೆ ಏನು ಎಂಬುದನ್ನು ಎಷ್ಟು ವರ್ಣಿಸಿದರೂ ಮಾತಿನಲ್ಲಿ ಹಿಡಿಯಲಾಗದು. ಅದನ್ನು ತೋರಿಸಿಯೇ ಕಲಿಸಬೇಕು.

ಹಾಗೆ ತೋರಿಸಿ ಕಲಿಸುವ ಒಂದು ದಾರಿ 2022ರಲ್ಲಿ ಸಿಕ್ಕಿತು. ಗೂಗಲ್ ರಿಸರ್ಚ್ ಮತ್ತು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ‘ಡ್ರೀಮ್‌ಬೂತ್’ ಎಂಬ ವಿಧಾನವನ್ನು ಪ್ರಕಟಿಸಿದರು. ಒಂದು ನಿರ್ದಿಷ್ಟ ನಾಯಿ ಅಥವಾ ಬೆನ್ನಚೀಲದ 3ರಿಂದ 5 ಫೋಟೊ ಕೊಟ್ಟು, ಅದಕ್ಕೆ ಯಾವ ಅರ್ಥವೂ ಇಲ್ಲದ ಅಪರೂಪದ ಹೆಸರೊಂದನ್ನಿಟ್ಟು, ಆ ಹೆಸರು ಕಂಡಾಗಲೆಲ್ಲ ಅದೇ ವಸ್ತು ಬರುವಂತೆ ಅವರು ಮಾಡೆಲನ್ನು ತಿದ್ದಿದರು. ಆದರೆ ಅದರಲ್ಲಿ ಇಡೀ ಮಾಡೆಲನ್ನೇ ತಿದ್ದಬೇಕಿತ್ತು. ಮೈಕ್ರೋಸಾಫ್ಟ್‌ನ ಸಂಶೋಧಕರು 2021ರಲ್ಲೇ ಭಾಷಾ ಮಾಡೆಲ್‌ಗಳಿಗಾಗಿ ರೂಪಿಸಿದ್ದ ‘ಲೋರಾ’ ಇಲ್ಲಿ ಕೈಹಿಡಿಯಿತು. ಮೂಲ ಮಾಡೆಲನ್ನು ಮುಟ್ಟದೆ, ಅದರ ಪಕ್ಕದಲ್ಲಿ ತೆಳುವಾದ ಒಂದು ತಿದ್ದುಪಡಿಯನ್ನು ಮಾತ್ರ ಕಲಿಸುವ ಉಪಾಯ ಅದು. ಮಾಡೆಲ್ ಒಳಗೆ 3072 ಸಾಲು, 3072 ಕಂಬಗಳ ಒಂದು ಸಂಖ್ಯಾಕೋಷ್ಟಕವಿದ್ದರೆ ಅದರಲ್ಲಿ ಸುಮಾರು 94 ಲಕ್ಷ ಸಂಖ್ಯೆಗಳಿರುತ್ತವೆ. ಲೋರಾ ಅದರ ಬದಲು 16 ಅಗಲದ ಎರಡು ಸಣ್ಣ ಕೋಷ್ಟಕಗಳನ್ನು ಕಲಿಯುತ್ತದೆ. ಎರಡೂ ಸೇರಿ 98 ಸಾವಿರ ಸಂಖ್ಯೆಗಳಷ್ಟೆ. ದೊಡ್ಡ ಕಂಪನಿಯ ಕೆಲಸವಾಗಿದ್ದದ್ದು 24 ಜಿಬಿ ಗ್ರಾಫಿಕ್ಸ್ ಕಾರ್ಡಿನ ಒಂದು ಕಂಪ್ಯೂಟರಿಗೆ ಇಳಿದದ್ದು ಹೀಗೆ.

ಇಲ್ಲಿ ತಿಳಿದಿರಬೇಕಾದ ಸಂಗತಿ ಒಂದಿದೆ. ಇದು ಆನೆ, ಅದು ನೆಲ ಎಂದು ಮಾಡೆಲ್‌ಗೆ ಯಾರೂ ಗೆರೆ ಎಳೆದು ತೋರಿಸುವುದಿಲ್ಲ. ಎಲ್ಲ ಫೋಟೊಗಳಲ್ಲೂ ಬದಲಾಗದೆ ಉಳಿದದ್ದನ್ನೇ ಅದು ಹೊಸ ಹೆಸರಿನ ಅರ್ಥ ಎಂದು ತಿಳಿಯುತ್ತದೆ. ಹನ್ನೆರಡೂ ಫೋಟೊಗಳನ್ನು ಒಂದೇ ಸಿಮೆಂಟ್ ನೆಲದ ಮೇಲೆ ತೆಗೆದರೆ ಸಿಮೆಂಟ್ ನೆಲವೂ ಆನೆಯ ಅಂಗವಾಗಿಬಿಡುತ್ತದೆ. ಅರಗಿನ ಆಟಿಕೆಯಲ್ಲಿ ಇನ್ನೊಂದು ಅಪಾಯವಿದೆ. ಅದರ ನುಣುಪು ಮೈಯಲ್ಲಿ ಕಿಟಕಿಯ ಬೆಳಕು ಪ್ರತಿ ಸಲ ಒಂದೇ ಜಾಗದಲ್ಲಿ ಹೊಳೆದರೆ, ಆ ಬಿಳಿ ಚೌಕ ಬಣ್ಣದಲ್ಲೇ ಬರೆದ ಗುರುತಾಗಿ ಮುಂದೆ ಎಲ್ಲ ಚಿತ್ರಗಳಲ್ಲೂ ಮೂಡುತ್ತದೆ.

ಆದ್ದರಿಂದ ಆನೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಫೋಟೊದಿಂದ ಫೋಟೊಗೆ ಬದಲಾಗಬೇಕು. ಸುತ್ತಲೂ ಎಂಟು ದಿಕ್ಕಿನಿಂದ ಎಂಟು, ತುಸು ಮೇಲಿನಿಂದ ಎರಡು, ಸೊಂಡಿಲು ಮತ್ತು ಗಾಲಿಯ ಹತ್ತಿರದ ನೋಟ ಎರಡು. ಒಂದು ಮೇಜಿನ ಮೇಲೆ, ಒಂದು ಚಾಪೆಯ ಮೇಲೆ, ಒಂದು ಅಂಗಳದಲ್ಲಿ, ಒಂದು ಯಾರದೋ ಅಂಗೈಯಲ್ಲಿ. ಬೆಳಗಿನ ಬೆಳಕು ಕೆಲವಕ್ಕೆ, ದೀಪದ ಬೆಳಕು ಕೆಲವಕ್ಕೆ. ಮೊಬೈಲನ್ನು ತೀರಾ ಹತ್ತಿರ ಹಿಡಿದರೆ ಮುಂದಿರುವ ಸೊಂಡಿಲು ದಪ್ಪವಾಗಿ, ಹಿಂಭಾಗ ಸಣ್ಣದಾಗಿ ಕಾಣುತ್ತದೆ. ಆ ಸೊಟ್ಟ ಅಳತೆಯನ್ನೂ ಮಾಡೆಲ್ ನಿಜವೆಂದೇ ನಂಬುತ್ತದೆ. ನಾಲ್ಕೈದು ಅಡಿ ಹಿಂದೆ ಸರಿದು, ಎರಡರಷ್ಟು ಜೂಮ್ ಮಾಡಿ ತೆಗೆಯುವುದು ಮೇಲು. ಕೈಕೆಲಸದ ಆಟಿಕೆಗಳ ವಿಷಯದಲ್ಲಿ ಮತ್ತೊಂದು ಎಚ್ಚರ: ಒಂದೇ ಕುಶಲಕರ್ಮಿ ಒಂದೇ ದಿನ ಮಾಡಿದ ಎರಡು ಆನೆಗಳೂ ಕೂದಲೆಳೆಯಷ್ಟು ಬೇರೆಯಾಗಿರುತ್ತವೆ. ಎರಡನ್ನೂ ಬೆರೆಸಿ ಫೋಟೊ ತೆಗೆದರೆ ಬರುವುದು ಎರಡೂ ಅಲ್ಲದ ಮೂರನೆಯ ಆನೆ.

ಪ್ರತಿ ಫೋಟೊದ ಜೊತೆಗೆ ಒಂದು ಸಾಲಿನ ವಿವರಣೆ ಹೋಗುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಆನೆಯನ್ನು ಚೆನ್ನಾಗಿ ಕಲಿಯಲಿ ಎಂದು ಪಟ್ಟೆ, ಗಾಲಿ, ಬಣ್ಣಗಳನ್ನೆಲ್ಲ ಬಣ್ಣಿಸಿ ಬರೆಯುತ್ತಾರೆ. ಆಗ ಪಟ್ಟೆ ‘ಪಟ್ಟೆ’ ಎಂಬ ಪದಕ್ಕೆ ಅಂಟಿಕೊಳ್ಳುತ್ತದೆಯೇ ಹೊರತು ಆನೆಯ ಹೆಸರಿಗಲ್ಲ. ಮುಂದೆ ಆ ಪದ ಬರೆಯದಿದ್ದರೆ ಪಟ್ಟೆಯೂ ಸಡಿಲವಾಗುತ್ತದೆ. ಬದಲಾಗಬೇಕಾದದ್ದನ್ನು ಬರೆಯಬೇಕು, ಬದಲಾಗಬಾರದ್ದನ್ನು ಬರೆಯದೆ ಬಿಡಬೇಕು. ಆನೆಗೆ `chpelf` ಎಂದು ಹೆಸರಿಟ್ಟರೆ ಒಂದು ವಿವರಣೆ ಹೀಗಿರುತ್ತದೆ:

```
a photo of chpelf toy elephant, front view, on a straw mat, morning light
```

ದಿಕ್ಕು, ಚಾಪೆ, ಬೆಳಕು ಎಲ್ಲವೂ ಇದರಲ್ಲಿವೆ. ಪಟ್ಟೆಯ ಮಾತೇ ಇಲ್ಲ.

ಇನ್ನು ತರಬೇತಿ. ಕಂಪ್ಯೂಟರ್ ಒಂದು ಫೋಟೊ ಎತ್ತಿಕೊಂಡು ಅದರ ಮೇಲೆ ಚುಕ್ಕೆಗಳನ್ನು ಚೆಲ್ಲುತ್ತದೆ, ಚೆಲ್ಲಿದ್ದು ಯಾವುದು ಎಂದು ಮಾಡೆಲನ್ನು ಊಹಿಸಲು ಬಿಡುತ್ತದೆ, ತಪ್ಪಿದಷ್ಟನ್ನು ಲೋರಾದಲ್ಲಿ ಚೂರೇಚೂರು ತಿದ್ದುತ್ತದೆ. ಹೀಗೆ 1200 ಹೆಜ್ಜೆ ಹಾಕಿದರೆ 12 ಫೋಟೊಗಳಲ್ಲಿ ಪ್ರತಿಯೊಂದೂ 100 ಸಲ ಕಣ್ಣಿಗೆ ಬಿದ್ದಂತೆ. ಫೋಟೊವನ್ನು ಎಡಬಲ ತಿರುಗಿಸಿ ಕಲಿಸುವ ಸೌಲಭ್ಯವೂ ಈ ತಂತ್ರಾಂಶಗಳಲ್ಲಿರುತ್ತದೆ. ಆನೆಯ ಒಂದು ಮಗ್ಗುಲಲ್ಲಿ ಮಾತ್ರ ಗುರುತೇನಾದರೂ ಇದ್ದರೆ ಅದನ್ನು ಮುಚ್ಚಿಡಲೇಬೇಕು.

ಸಾಕು ಎಂದು ಗೊತ್ತಾಗುವುದು ಹೇಗೆ? ತಪ್ಪಿನ ಪ್ರಮಾಣವನ್ನು ತೋರಿಸುವ ಗೆರೆ ಪರದೆಯ ಮೇಲೆ ಕುಣಿಯುತ್ತಿರುತ್ತದೆ. ಆದರೆ ಪ್ರತಿ ಹೆಜ್ಜೆಯಲ್ಲೂ ಚೆಲ್ಲುವ ಚುಕ್ಕೆಗಳ ಪ್ರಮಾಣವೇ ಬೇರೆಯಾದ್ದರಿಂದ ಆ ಗೆರೆಯನ್ನು ನಂಬಿ ಕೂರುವಂತಿಲ್ಲ. ನಂಬಬೇಕಾದದ್ದು ಕಣ್ಣನ್ನೇ. ಪ್ರತಿ 200 ಹೆಜ್ಜೆಗೊಮ್ಮೆ ಲೋರಾದ ಒಂದು ಪ್ರತಿಯನ್ನು ಉಳಿಸಿಕೊಂಡು, ಎಲ್ಲಕ್ಕೂ ಒಂದೇ ವಾಕ್ಯ, ಒಂದೇ ಆರಂಭದ ಚುಕ್ಕೆಗಳನ್ನು ಕೊಟ್ಟು ಚಿತ್ರಗಳನ್ನು ಸಾಲಾಗಿ ಜೋಡಿಸಬೇಕು. ವಾಕ್ಯ ಮಾತ್ರ ಫೋಟೊಗಳಲ್ಲಿ ಇಲ್ಲದ ಜಾಗದ್ದಾಗಿರಲಿ, ಸಮುದ್ರತೀರ ಎನ್ನೋಣ. ಮೊದಲ ಪ್ರತಿಗಳಲ್ಲಿ ಯಾವುದೋ ಆನೆ ಕಾಣುತ್ತದೆ. ನಡುವೆ ಪಟ್ಟೆಗಳು ಸರಿಯಾದ ಕ್ರಮಕ್ಕೆ ಬರುತ್ತವೆ, ಆಮೇಲೆ ಸೊಂಡಿಲಿನ ಬಾಗು ಕೂಡಿಬರುತ್ತದೆ. ಇನ್ನೂ ಎಳೆದರೆ ಮರಳಿನ ಮೇಲೆ ಚಾಪೆಯ ಹೆಣಿಗೆ ಇಣುಕತೊಡಗುತ್ತದೆ. ಮಾಡೆಲ್ ಆನೆಯನ್ನು ಬಿಟ್ಟು ಫೋಟೊಗಳನ್ನೇ ಬಾಯಿಪಾಠ ಮಾಡತೊಡಗಿದೆ ಎಂದರ್ಥ; ಅದಕ್ಕೂ ಹಿಂದಿನ ಪ್ರತಿಯನ್ನು ಆರಿಸಿಕೊಳ್ಳಬೇಕು. ಇನ್ನೊಂದು ಪರೀಕ್ಷೆಯೂ ಆಗಬೇಕು. ಹೊಸ ಹೆಸರನ್ನು ಬಿಟ್ಟು ಬರೀ ‘ಮರದ ಕುದುರೆ’ ಎಂದು ಕೇಳಿದಾಗ ಅದರ ಹೊಟ್ಟೆಯ ಮೇಲೂ ಮೂರು ಪಟ್ಟೆ ಬಂದರೆ ಕಲಿಕೆ ಅತಿಯಾಗಿದೆ.

ಎಷ್ಟೇ ಚೆನ್ನಾಗಿ ಕಲಿತರೂ ಕೆಲವು ಸಂಗತಿಗಳು ಇದಕ್ಕೆ ದಕ್ಕುವುದಿಲ್ಲ. ಹೆಚ್ಚಿನ ಮಾಡೆಲ್‌ಗಳು ಚಿತ್ರವನ್ನು ಉದ್ದಕ್ಕೂ ಅಗಲಕ್ಕೂ ಎಂಟು ಪಟ್ಟು ಕುಗ್ಗಿಸಿಕೊಂಡು ಕೆಲಸ ಮಾಡುತ್ತವೆ. ಆನೆಯ ಅಡಿಯಲ್ಲಿ ಒತ್ತಿದ ಸಣ್ಣ ಅಕ್ಷರಗಳು ಅದರಲ್ಲಿ ಕರಗಿ, ಅಕ್ಷರದಂತೆ ಕಾಣುವ ಗೀರುಗಳಾಗಿ ಹೊರಬರುತ್ತವೆ. ಅಕ್ಷರ ಮುಖ್ಯವಾದರೆ ನಿಜವಾದ ಫೋಟೊದಲ್ಲಿ ಆನೆಯನ್ನು ಹಾಗೇ ಉಳಿಸಿ ಹಿನ್ನೆಲೆಯನ್ನಷ್ಟೇ ಮಾಡೆಲ್‌ನಿಂದ ಬರೆಸುವುದು ಒಳ್ಳೆಯದು. ಆಟಿಕೆ ಕೊಳ್ಳುವವರು ಅಳತೆ, ಬಣ್ಣ ನೋಡಿ ನಿರ್ಧರಿಸುವ ಪುಟದಲ್ಲಂತೂ ನಿಜವಾದ ಫೋಟೊವೇ ಇರಬೇಕು. ಅಲ್ಲಿ ಬರೆಸಿದ ಚಿತ್ರ ಹಾಕುವುದು ಕೊಳ್ಳುವವರಿಗೆ ಮಾಡುವ ಮೋಸ.

ತೋರಿಸದ ಬದಿಯನ್ನೂ ಮಾಡೆಲ್ ಊಹಿಸಿಯೇ ಬರೆಯುತ್ತದೆ. ಹನ್ನೆರಡರಲ್ಲಿ ಬಾಲದ ಗೂಟ ಸ್ಪಷ್ಟವಾಗಿ ಕಂಡದ್ದು ಒಂದೇ ಫೋಟೊದಲ್ಲಿ, ಅದೂ ನೆರಳಿನಲ್ಲಿ ಎಂದಾದರೆ ಬೆನ್ನು ತಿರುಗಿಸಿದ ಆನೆ ಕೆಲವು ಚಿತ್ರಗಳಲ್ಲಿ ಗೂಟವಿಲ್ಲದೆ ಬರುತ್ತದೆ, ಕೆಲವುದರಲ್ಲಿ ಹುರಿಯಂಥ ಬಾಲ ಹೊತ್ತು ಬರುತ್ತದೆ. ತರಬೇತಿಯ ಹೆಜ್ಜೆಗಳನ್ನು ಹೆಚ್ಚಿಸಿದರೂ ಅದು ಸರಿಹೋಗದು. ಆನೆಯನ್ನು ಬೆಳಕಿಗೆ ತಂದು, ಹಿಂದಿನಿಂದ ಇನ್ನೆರಡು ಫೋಟೊ ತೆಗೆದು, ಮತ್ತೆ ಮೊದಲಿನಿಂದ ಕಲಿಸಬೇಕು.