ತಂದೆಯ ಹೆಸರಿನ ಕಾಲಂ

ಪ್ಲಾಸ್ಟಿಕ್ ಫೈಲೊಂದನ್ನು ಎದೆಗೆ ಅವಚಿಕೊಂಡು ಅವರು ಕಿಟಕಿಯ ಮುಂದೆ ನಿಂತಿದ್ದರು. ಹೆಗಲ ಮೇಲೆ ಬಿಳಿ ಟವೆಲ್ಲು, ಚಪ್ಪಲಿಯ ಅಂಚಿನಲ್ಲಿ ಎರೆಮಣ್ಣು. ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯಿಂದ ಸೊಲ್ಲಾಪುರಕ್ಕೆ ಬಂದು, ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿದು ಪುಣೆ ಸೇರಿದ್ದರು. ಪುಣೆಯ ಜನನ ಮರಣ ನೋಂದಣಿ ಕಚೇರಿಯೊಂದರಲ್ಲಿ ಅವರ ಜೊತೆ ನಿಲ್ಲಲು ನಾನು ಹೋಗಿದ್ದೆ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಅವರದು. ಆದರೂ ಕಚೇರಿಯ ಮರಾಠಿ ಎಂದರೆ ಅವರಿಗೆ ಅಂಜಿಕೆ. ಪರಿಚಯದವರೊಬ್ಬರು ನನ್ನ ಫೋನ್ ನಂಬರ್ ಕೊಟ್ಟಿದ್ದರು.

‘ಎರಡು ತಪ್ಪ ಆಗ್ಯಾವ್ರೀ. ಅಪ್ಪನ ಹೆಸರೂ ತಪ್ಪಾಗೇದ, ಮುತ್ಯಾನ ಹೆಸರಂತೂ ಇಲ್ಲೇ ಇಲ್ಲ’ ಎಂದು ಅವರು ಮರಣ ಪ್ರಮಾಣಪತ್ರವನ್ನು ನನ್ನ ಕೈಗಿತ್ತರು.

ತೀರಿಕೊಂಡವರ ಹೆಸರನ್ನು ಸಿದ್ದಪ್ಪ ಎಂದೂ ಅವರ ತಂದೆಯನ್ನು ಮಲ್ಲಪ್ಪ ಎಂದೂ ಇಟ್ಟುಕೊಳ್ಳೋಣ. ನಿಜವಾದ ಹೆಸರುಗಳು ಬೇರೆ, ತಪ್ಪಿನ ಬಗೆ ಮಾತ್ರ ಅದೇ. ಪ್ರಮಾಣಪತ್ರದಲ್ಲಿ ಸಿದ್ದಪ್ಪ ‘ಶಿದಾಪ್ಪಾ’ ಆಗಿದ್ದರು. ಇಂಗ್ಲಿಷಿನಲ್ಲಿ ಎಸ್ ಪಕ್ಕಕ್ಕೆ ಒಂದು ಎಚ್ ಬಂದು ಕೂತಿತ್ತು, ಎರಡು ಡಿಗಳಲ್ಲಿ ಒಂದು ಬಿದ್ದುಹೋಗಿತ್ತು. ಸೊಲ್ಲಾಪುರ, ವಿಜಯಪುರದ ಕಡೆ ನಾಲಗೆಯ ಮೇಲೆ ‘ಸಿ’ ಸಲೀಸಾಗಿ ‘ಶಿ’ ಆಗುತ್ತದೆ, ಕೇಳಿ ಬರೆಯುವವರ ಕೈಯಲ್ಲಿ ಒತ್ತಕ್ಷರ ಉಳಿಯುವುದು ಕಷ್ಟ. ಎರಡನೆಯ ತಪ್ಪು ಅದಕ್ಕಿಂತ ದೊಡ್ಡದು. ತಂದೆಯ ಹೆಸರು ಎಂಬಲ್ಲಿ ಮಲ್ಲಪ್ಪನ ಬದಲು ಮತ್ತೆ ಸಿದ್ದಪ್ಪನೇ ಇದ್ದರು. ಕಾಗದದ ಲೆಕ್ಕದಲ್ಲಿ ಅವರು ತಮಗೆ ತಾವೇ ಮಗನಾಗಿದ್ದರು.

ಇದು ಹೇಗಾಯಿತು ಎಂದು ಕೇಳಿದೆ. ಅವರು ನೆನಪಿಸಿಕೊಂಡು ಹೇಳಿದರು. ಪುಣೆಯ ಆಸ್ಪತ್ರೆಯಲ್ಲಿ ಅಪ್ಪ ಹೋಗಿ ಅರ್ಧ ಗಂಟೆಯಾಗಿತ್ತು. ಫಾರಂ ಹಿಡಿದು ಬಂದವರು ‘ವಡಿಲಾಂಚೆ ನಾವ್?’ ಎಂದು ಕೇಳಿದರು. ತಂದೆಯ ಹೆಸರೇನು ಎಂದು. ಎದುರಿಗೆ ಅಪ್ಪನ ದೇಹ ಇರುವಾಗ ಮಗನಿಗೆ ಆ ಪ್ರಶ್ನೆಗೆ ಇನ್ನಾವ ಉತ್ತರ ಹೊಳೆದೀತು? ಸಿದ್ದಪ್ಪ ಎಂದರು. ಕೆಳಗೆ ಸಹಿಯನ್ನೂ ಹಾಕಿದರು.

ತಪ್ಪು ಕಣ್ಣಿಗೆ ಬಿದ್ದದ್ದು ಊರಲ್ಲಿ, ವಾರಸಾ ನೋಂದಣಿಗೆ ತಲಾಠಿಯ ಹತ್ತಿರ ಹೋದಾಗ. ಹೊಲದ ಸಾತ್‌ಬಾರಾ ಉತಾರೆಯಲ್ಲಿ ಸಿದ್ದಪ್ಪ ಮಲ್ಲಪ್ಪ ಎಂದಿದೆ, ಪ್ರಮಾಣಪತ್ರ ಬೇರೆಯೇ ಮನುಷ್ಯನ ಸಾವನ್ನು ಹೇಳುತ್ತಿದೆ. ತಲಾಠಿ ಕಾಗದ ಹಿಂದಿರುಗಿಸಿದರು. ಮಹಾರಾಷ್ಟ್ರದ ಭೂಕಂದಾಯ ಕಾಯ್ದೆಯ 149ನೇ ಕಲಮಿನಂತೆ ವಾರಸುದಾರಿಕೆಯಿಂದ ಬಂದ ಹಕ್ಕನ್ನು 3 ತಿಂಗಳೊಳಗೆ ತಲಾಠಿಗೆ ತಿಳಿಸಬೇಕು. ಗಾಬರಿಗೊಂಡ ಮಗ ಮೊದಲು ಓಡಿದ್ದು ಅಕ್ಕಲಕೋಟೆಗೆ. ಅಲ್ಲಿ ಸಿಕ್ಕ ಉತ್ತರ ಒಂದೇ ಮಾತು: ‘ಸಾವು ಎಲ್ಲಾಯಿತೋ ಅಲ್ಲಿಗೆ ಹೋಗಿ.’

ಆ ಮಾತು ಸರಿಯೇ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಸಾವು ದಾಖಲಾಗುವುದು ಅದು ಸಂಭವಿಸಿದ ಜಾಗದಲ್ಲಿ, ತೀರಿಕೊಂಡವರ ಊರಿನಲ್ಲಲ್ಲ. ಚಿಕಿತ್ಸೆಗೆಂದು ಗಡಿಯಾಚೆ ಈಚೆಗಳಿಂದ ಪುಣೆಗೆ ಬರುವ ಕುಟುಂಬಗಳಿಗೆ ಇದು ತಿಳಿಯುವುದು ತಡವಾಗಿ. ಪುಣೆಯೊಳಗೂ ಇನ್ನೊಂದು ತೊಡಕಿದೆ. ಪುಣೆ ಮಹಾನಗರ ಪಾಲಿಕೆ ಬೇರೆ, ಪಿಂಪ್ರಿ-ಚಿಂಚವಡ ಪಾಲಿಕೆ ಬೇರೆ, ಪುಣೆ ಮತ್ತು ಖಡಕಿ ಕಂಟೋನ್ಮೆಂಟುಗಳು ಬೇರೆ. ಹೊರಗಿನವರಿಗೆ ಎಲ್ಲವೂ ಪುಣೆಯೇ. ಯಾವ ಬಾಗಿಲು ತಟ್ಟಬೇಕೆಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ನೋಂದಾಯಿಸಿದ ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ, ನೋಂದಣಿಯ ದಿನಾಂಕ ಪ್ರಮಾಣಪತ್ರದ ಮೇಲೇ ಅಚ್ಚಾಗಿರುತ್ತವೆ.

ಕಿಟಕಿಯ ಆಚೆ ಕೂತಿದ್ದವರು ನಡುವಯಸ್ಸಿನ ಹೆಂಗಸು. ಕಾಗದವನ್ನು ಎರಡು ಸಲ ಓದಿದರು. ‘ಥಾಂಬಾ ದಾದಾ’ ಎಂದು ಒಳಗೆ ಹೋಗಿ ಹೊಲಿಗೆ ಹಾಕಿದ ದಪ್ಪ ಕಟ್ಟೊಂದನ್ನು ಹೊತ್ತು ತಂದರು. ಮರಣ ರಿಜಿಸ್ಟರ್ ಎಂದರೆ ಗುಮಾಸ್ತರು ಸಾಲು ಸಾಲಾಗಿ ಬರೆದ ಪುಸ್ತಕ ಎಂದೇ ನಾವು ತಿಳಿದಿರುತ್ತೇವೆ. ಹಾಗಲ್ಲ. ಆಸ್ಪತ್ರೆಯಿಂದ ಬರುವ ಮರಣ ವರದಿಯ ಫಾರಂನಲ್ಲಿ ಎರಡು ಭಾಗ. ಅಂಕಿಅಂಶದ ಭಾಗವನ್ನು ಬೇರೆ ಮಾಡಿ ಕಳಿಸುತ್ತಾರೆ. ಕಾನೂನಿನ ಭಾಗ ಉಳಿಯುತ್ತದೆ, ಆ ಹಾಳೆಗಳನ್ನೇ ಕಟ್ಟಿದರೆ ಅದೇ ರಿಜಿಸ್ಟರ್. ಅರ್ಧ ಗಂಟೆಯ ದುಃಖದಲ್ಲಿ ಸಹಿ ಹಾಕಿದ ಹಾಳೆಯೇ ಶಾಶ್ವತ ದಾಖಲೆ.

ಆಕೆ ಹಾಳೆ ತೆರೆದು ಬೆರಳಿಟ್ಟು ತೋರಿಸಿದರು. ಮೃತರ ಹೆಸರಿನ ಜಾಗದಲ್ಲಿ, ನೀಲಿ ಶಾಯಿಯಲ್ಲಿ, ದೇವನಾಗರಿಯಲ್ಲಿ, ಒತ್ತಕ್ಷರ ಸಮೇತ ‘ಸಿದ್ದಪ್ಪಾ’ ಎಂದು ಸರಿಯಾಗಿಯೇ ಇತ್ತು. ಕಂಪ್ಯೂಟರಿಗೆ ಹಾಕುವಾಗ ಅದು ಶಿದಾಪ್ಪಾ ಆಗಿತ್ತು. ‘ಇದು ಬರವಣಿಗೆಯ ದೋಷ. ಹಾಳೆ ನೋಡಿ ನಾವೇ ತಿದ್ದಬಹುದು.’ ಬೆರಳು ಕೆಳಗಿನ ಸಾಲಿಗೆ ಇಳಿಯಿತು. ತಂದೆಯ ಹೆಸರು: ಸಿದ್ದಪ್ಪಾ. ಕೊನೆಯಲ್ಲಿ ಮಾಹಿತಿ ಕೊಟ್ಟವರ ಸಹಿ. ಮಗ ತನ್ನ ಸಹಿಯನ್ನೇ ನೋಡುತ್ತ ನಿಂತರು. ‘ಇಲ್ಲಿ ನಕಲು ಮಾಡಿದವರ ತಪ್ಪಿಲ್ಲ ದಾದಾ. ದಾಖಲೆಯೇ ಹೀಗಿದೆ. ಇದಕ್ಕೆ ಪುರಾವೆ ಬೇಕು.’

ಈ ಎರಡು ತಪ್ಪುಗಳ ನಡುವಿನ ಗೆರೆಯೇ ಇಡೀ ವಿಷಯದ ತಿರುಳು. ಕಾಯ್ದೆಯ 15ನೇ ಕಲಮು ರೂಪದ ತಪ್ಪನ್ನೂ ತಿರುಳಿನ ತಪ್ಪನ್ನೂ ತಿದ್ದುವ ಅಧಿಕಾರವನ್ನು ರಿಜಿಸ್ಟ್ರಾರ್‌ಗೆ ಕೊಟ್ಟಿದೆ. ಆದರೆ 2000ದ ಮಹಾರಾಷ್ಟ್ರ ನಿಯಮಗಳ 11ನೇ ನಿಯಮ ಎರಡಕ್ಕೂ ಬೇರೆ ದಾರಿ ಹಾಕಿದೆ. ಬರವಣಿಗೆಯ ದೋಷವಾದರೆ ರಿಜಿಸ್ಟ್ರಾರ್ ವಿಚಾರಿಸಿ ತಿದ್ದುತ್ತಾರೆ. ತಿರುಳಿನ ತಪ್ಪಾದರೆ ವಿಷಯ ಬಲ್ಲ ಇಬ್ಬರು ನಂಬಲರ್ಹ ವ್ಯಕ್ತಿಗಳು ತಪ್ಪೇನು, ನಿಜವೇನು ಎಂದು ಘೋಷಣೆ ಮಾಡಿಕೊಡಬೇಕು. ಎರಡನ್ನೂ ಕಲಸಿ ‘ಹೆಸರು ಸರಿ ಮಾಡಿಕೊಡಿ’ ಎಂದು ಒಂದೇ ಸಾಲಿನ ಅರ್ಜಿ ಕೊಟ್ಟರೆ ಸುಲಭದ ತಪ್ಪೂ ಕಷ್ಟದ ತಪ್ಪಿನ ಜೊತೆ ಸಿಕ್ಕಿಕೊಂಡು ಕೂರುತ್ತದೆ.

ಫೈಲಿನಲ್ಲಿ ಒಂದು ಅಫಿಡವಿಟ್ ಆಗಲೇ ಇತ್ತು. ಊರಿನಲ್ಲಿ ಯಾರೋ ಟೈಪ್ ಮಾಡಿಕೊಟ್ಟದ್ದು. ‘ಶಿದಾಪ್ಪಾ ಹಾಗೂ ಸಿದ್ದಪ್ಪಾ ಈ ಎರಡೂ ಹೆಸರುಗಳು ಒಬ್ಬರೇ ವ್ಯಕ್ತಿಯವು’ ಎಂಬ ವಾಕ್ಯ ಅದರಲ್ಲಿತ್ತು. ಆಕೆ ಅದನ್ನು ಓದಿ ತಲೆಯಾಡಿಸಿ ವಾಪಸು ಕೊಟ್ಟರು. ಇದು ಮೇಲಿಂದ ಮೇಲೆ ಆಗುವ ಎಡವಟ್ಟು. ಅಂಥ ಅಫಿಡವಿಟ್ ಎರಡು ಹೆಸರನ್ನೂ ಒಪ್ಪಿಕೊಳ್ಳುತ್ತದೆ, ಯಾವುದು ತಪ್ಪು ಎಂದು ಹೇಳುವುದೇ ಇಲ್ಲ. ತಪ್ಪೇ ಇಲ್ಲ ಎಂದಮೇಲೆ ರಿಜಿಸ್ಟ್ರಾರ್ ತಿದ್ದುವುದೇನನ್ನು?

ಹೊಸ ಅಫಿಡವಿಟ್ಟನ್ನು ಮಧ್ಯಾಹ್ನ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದ ಹತ್ತಿರ ನೋಟರಿಯ ಮುಂದೆ ಮಾಡಿಸಿದೆವು. ವಾಕ್ಯಗಳನ್ನು ಮೊದಲು ಕನ್ನಡದಲ್ಲಿ ಅವರ ಬಾಯಿಂದ ಹೇಳಿಸಿ, ಆಮೇಲೆ ಮರಾಠಿಗೆ ತಂದೆ. ನಾನು ಮೃತರ ಹಿರಿಯ ಮಗ. ಇಂಥ ದಿನ ಇಂಥ ಸ್ಥಳದಲ್ಲಿ ಅವರು ತೀರಿಕೊಂಡರು, ನೋಂದಣಿ ಸಂಖ್ಯೆ ಇಷ್ಟು. ತಂದೆಯ ಹೆಸರಿನ ಕಾಲಂನಲ್ಲಿ ಸಿದ್ದಪ್ಪ ಎಂದು ದಾಖಲಾಗಿದೆ, ಇದು ತಪ್ಪು. ಸರಿಯಾದ ಹೆಸರು ಮಲ್ಲಪ್ಪ. ಮಾಹಿತಿ ಕೊಡುವಾಗ ತಂದೆಯ ಹೆಸರು ಕೇಳಿದ್ದನ್ನು ನನ್ನ ತಂದೆಯ ಹೆಸರು ಎಂದು ತಿಳಿದು ಹೇಳಿದೆ. ಇದಕ್ಕೆ ಆಧಾರವಾಗಿ ಮೃತರ ಶಾಲೆ ಬಿಟ್ಟ ದಾಖಲೆ, ಆಧಾರ್, ಹೊಲದ ಉತಾರೆ ಲಗತ್ತಿಸಿದ್ದೇನೆ. ಇಷ್ಟೇ. ತಪ್ಪು ಹೇಗಾಯಿತು ಎಂಬ ಒಂದು ಸಾಲನ್ನು ಬರೆಯಲು ಅವರು ಹಿಂಜರಿದರು. ‘ಅದನ್ನ ಯಾಕ ಬರೀಬೇಕ್ರೀ, ನಾಚಿಕಿ ಬರ್ತದ’ ಎಂದರು. ಆದರೆ ವಿಚಾರಣೆ ಮಾಡುವವರ ಮನಸ್ಸಿನ ಸಂಶಯ ಇಳಿಸುವ ಸಾಲು ಅದೇ. ಆಸ್ತಿಗಾಗಿ ತಂದೆಯ ಹೆಸರು ಬದಲಿಸಲು ಬರುವವರೂ ಉಂಟು, ಅಧಿಕಾರಿ ಹುಡುಕುವುದು ಆ ವಾಸನೆಯನ್ನು.

ಅರ್ಜಿಯಲ್ಲಿ ಎರಡು ತಪ್ಪುಗಳನ್ನೂ ಬೇರೆ ಬೇರೆ ಸಾಲಾಗಿ ಬರೆದೆವು. ಪ್ರತಿ ಸಾಲಿನಲ್ಲೂ ಈಗ ಇರುವುದು, ಇರಬೇಕಾದದ್ದು, ಆಧಾರ. ಮರಾಠಿ ಅಕ್ಷರವನ್ನೂ ಇಂಗ್ಲಿಷ್ ಅಕ್ಷರವನ್ನೂ ಬಿಡಿಬಿಡಿಯಾಗಿ ದಪ್ಪಕ್ಷರದಲ್ಲಿ ಬರೆದೆವು. ಕನ್ನಡದ ಹೆಸರುಗಳಿಗೆ ಇದು ತುಂಬ ಮುಖ್ಯ. ಮರಾಠಿಯ ಬರವಣಿಗೆಯಲ್ಲಿ ನಮ್ಮ ಎ, ಏಗೆ ಬೇರೆ ಬೇರೆ ಅಕ್ಷರವಿಲ್ಲ, ಒ, ಓಗೂ ಇಲ್ಲ. ಕೊನೆಯ ಅಕಾರ ಅಲ್ಲಿ ಆಕಾರವಾಗುತ್ತದೆ. ಉಚ್ಚಾರದ ಮೇಲೆ ವಾದ ಹೂಡಿದರೆ ಮುಗಿಯುವುದಿಲ್ಲ. ಆಧಾರ್ ಮತ್ತು ಉತಾರೆಯಲ್ಲಿ ಇರುವ ಅಕ್ಷರವನ್ನೇ ಕೇಳಬೇಕು. ಆ ಎರಡರಲ್ಲೇ ಹೆಸರು ಬೇರೆ ಬೇರೆ ಇದ್ದರೆ, ಹಳೆಯ ದಾಖಲೆ ಯಾವುದೆಂದು ನೋಡಿಕೊಂಡು ಹೊರಡಬೇಕು.

ಎರಡನೆಯ ಸಲ ಬರುವಾಗ ಅವರ ಜೊತೆ ಇಬ್ಬರು ಹಿರಿಯರಿದ್ದರು. ಒಬ್ಬರು ಸಿದ್ದಪ್ಪನ ತಮ್ಮ, ಮಗನಿಗೆ ಕಾಕಾ. ಇನ್ನೊಬ್ಬರು ಪಕ್ಕದ ಹೊಲದವರು. ಇಬ್ಬರ ಘೋಷಣೆಯಲ್ಲೂ ಮಲ್ಲಪ್ಪನನ್ನು ತಾವು ಹೇಗೆ ಬಲ್ಲೆವು ಎಂಬುದಿತ್ತು. ಅಧಿಕಾರಿ ಕಾಕಾನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ತಂದೆಯ ಹೆಸರು?’ ಮುದುಕರು ಕೈಮುಗಿದು ‘ಮಲ್ಲಪ್ಪ’ ಎಂದರು. ಅವರ ಆಧಾರ್‌ನಲ್ಲೂ ಅದೇ ಇತ್ತು. ಒಡಹುಟ್ಟಿದವರ ಗುರುತಿನ ಚೀಟಿ ಇಂಥ ಪ್ರಕರಣದಲ್ಲಿ ಎಷ್ಟು ಗಟ್ಟಿ ಪುರಾವೆ ಎಂದು ನನಗೆ ಅಂದು ತಿಳಿಯಿತು.

ಪ್ರಮಾಣಪತ್ರದ ಹಳೆಯ ಪ್ರತಿಗಳನ್ನೆಲ್ಲ ಮಗ ಹಿಂದಿರುಗಿಸಿದರು, ಬ್ಯಾಂಕಿಗೆ ಕೊಟ್ಟಿದ್ದ ಒಂದನ್ನು ಬಿಟ್ಟು. ಅದನ್ನು ಬ್ಯಾಂಕಿನಲ್ಲಿ ಬದಲಿಸಬೇಕೆಂದು ಫೈಲಿನ ಮೇಲೆ ಬರೆದುಕೊಂಡರು. ಕೆಲವು ವಾರಗಳ ನಂತರ ಹೊಸ ಪ್ರಮಾಣಪತ್ರ ಬಂತು. ತಲಾಠಿ ವಾರಸಾ ಅರ್ಜಿ ತೆಗೆದುಕೊಂಡರು. ಅರ್ಜಿ ತಿರಸ್ಕಾರವಾಗಿದ್ದರೆ ಜಿಲ್ಲಾ ರಿಜಿಸ್ಟ್ರಾರ್‌ಗೆ 30 ದಿನದೊಳಗೆ ಮೇಲ್ಮನವಿ ಹಾಕಬಹುದಿತ್ತು. 2023ರ ತಿದ್ದುಪಡಿ ತಂದ 25ಎ ಕಲಮು ಆ ದಾರಿ ತೆರೆದಿದೆ, ತೀರ್ಮಾನಕ್ಕೆ 90 ದಿನದ ಗಡುವನ್ನೂ ಇಟ್ಟಿದೆ.

ತಿದ್ದಿದ ಹಾಳೆಯನ್ನು ಆಕೆ ಮಗನಿಗೆ ತೋರಿಸಿದರು. ಮೂಲ ಬರಹವನ್ನು ಯಾರೂ ಅಳಿಸಿರಲಿಲ್ಲ, ಹೊಡೆದು ಹಾಕಿರಲಿಲ್ಲ. ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ. ಅಂಚಿನಲ್ಲಿ ಸರಿಯಾದ ಹೆಸರು, ರಿಜಿಸ್ಟ್ರಾರ್ ಸಹಿ, ದಿನಾಂಕ. ಮಗ ದುಃಖದಲ್ಲಿ ಹೇಳಿದ ಸಿದ್ದಪ್ಪ ಅಲ್ಲೇ ಇದ್ದರು, ಪಕ್ಕದಲ್ಲಿ ಮಲ್ಲಪ್ಪ ಬಂದು ನಿಂತಿದ್ದರು.

ಓದುವವರಲ್ಲಿ ನನ್ನದೊಂದು ವಿನಂತಿ. ಆಸ್ಪತ್ರೆಯಲ್ಲಿ ಆ ಫಾರಂ ಬಂದಾಗ ದುಃಖದಲ್ಲಿರುವ ಮಗನಿಂದಲೋ ಮಗಳಿಂದಲೋ ಅದನ್ನು ತುಂಬಿಸಬೇಡಿ. ಜೊತೆಗಿರುವ ನೀವು ತೀರಿಕೊಂಡವರ ಆಧಾರ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಮೂರು ಕಾಲಂ ಓದಿ: ತೀರಿಕೊಂಡವರ ಹೆಸರು, ಅವರ ತಂದೆ ಅಥವಾ ಗಂಡನ ಹೆಸರು, ತಾಯಿಯ ಹೆಸರು. ಆಮೇಲೆ ಸಹಿ ಮಾಡಿಸಿ. ಸಹಿ ಬೀಳುವ ಆ ಹಾಳೆಯೇ ರಿಜಿಸ್ಟರ್.