ಉಳಿದ ಐದೂವರೆ ಗಂಟೆ ಏನಾಯಿತು?

ಪೀಣ್ಯದ ಒಂದು ಸಣ್ಣ ಕಾರ್ಖಾನೆ ಎಂದುಕೊಳ್ಳಿ. ಗುಣಮಟ್ಟ ನೋಡಿಕೊಳ್ಳಲು ಪೂರ್ತಿ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳುವಷ್ಟು ಕೆಲಸ ಅಲ್ಲಿಲ್ಲ. ಹಾಗಾಗಿ ಒಬ್ಬ ಅನುಭವಿ ಇಂಜಿನಿಯರ್ ಜೊತೆ ಕರಾರು ಆಗಿದೆ: ತಿಂಗಳಿಗೆ 20 ಗಂಟೆ, 40,000 ರೂಪಾಯಿ. ಇದನ್ನೇ ರಿಟೇನರ್ ಅನ್ನುವುದು. ಜೂನ್‌ನಲ್ಲಿ ಅವರು ಕೆಲಸ ಮಾಡಿದ್ದು ಹದಿನಾಲ್ಕೂವರೆ ಗಂಟೆ. ಜುಲೈ ಮೊದಲ ವಾರ ಬಂದ ಬಿಲ್ಲು ಮಾತ್ರ ಪೂರ್ತಿ 40,000ದ್ದೇ. "ಮಾಡದ ಕೆಲಸಕ್ಕೂ ದುಡ್ಡು ಯಾಕೆ ಸಾರ್?" ಎಂದು ಅಕೌಂಟ್ಸ್‌ನವರು ಮಾಲೀಕರನ್ನು ಕೇಳುತ್ತಾರೆ.

ನಿಗದಿ ಶುಲ್ಕ ಮಾಡಿದ ಕೆಲಸದ ಕೂಲಿಯಲ್ಲ, ಕಾದಿರಿಸಿದ ಸಮಯದ ಬೆಲೆ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಬಾಡಿಗೆ ನಿಲ್ಲುವುದಿಲ್ಲವಲ್ಲ, ಹಾಗೆ. ಆ 20 ಗಂಟೆಗೆ ಕನ್ಸಲ್ಟೆಂಟ್ ಬೇರೆ ಕೆಲಸ ಒಪ್ಪಿಕೊಂಡಿರುವುದಿಲ್ಲ. ಆದರೆ ಬಿಲ್ಲಿನಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ ಇರುವುದರಿಂದ ಇದ್ಯಾವುದೂ ಅದರಿಂದ ತಿಳಿಯುವುದಿಲ್ಲ. ತಿಳಿಸಬೇಕಾದದ್ದು ಬಿಲ್ಲಿನ ಜೊತೆ ಬರುವ ಇಮೇಲ್. ಅದು ಹೀಗಿದ್ದರೆ ಸಾಕು:

"ನಮಸ್ಕಾರ ಸಾರ್, ಜೂನ್ ತಿಂಗಳ ಬಿಲ್ಲು ಲಗತ್ತಿಸಿದ್ದೇನೆ. ನಿಗದಿ ಶುಲ್ಕ 40,000 ರೂ., ಶೇ. 18 ಜಿಎಸ್‌ಟಿ 7,200, ಒಟ್ಟು 47,200 ರೂ. ಶೇ. 10 ಟಿಡಿಎಸ್ 4,000 ಹಿಡಿದುಕೊಂಡು 43,200 ರೂ. ಪಾವತಿಸಿ.

ಬಳಸಿದ ಗಂಟೆ 14.5: ಆಡಿಟ್ ತಯಾರಿ 6, ಸಪ್ಲೈಯರ್ ಭೇಟಿ 4.5, ಸೂಪರ್‌ವೈಸರ್‌ಗಳ ತರಬೇತಿ 3, ಫೋನ್ ಮತ್ತು ಮೇಲ್ 1.

ಉಳಿದದ್ದು 5.5 ಗಂಟೆ. ಕರಾರಿನ ಮಿತಿಯಂತೆ ಇದರಲ್ಲಿ 5 ಗಂಟೆ ಜುಲೈಗೆ ಹೋಗುತ್ತದೆ, ಅರ್ಧ ಗಂಟೆ ರದ್ದಾಗುತ್ತದೆ. ಜುಲೈ ಕೆಲಸವನ್ನು ಮೊದಲು ಈ 5 ಗಂಟೆಯಲ್ಲಿ ಕಳೆಯುತ್ತೇನೆ. ಜುಲೈ 31ರ ನಂತರ ಇದು ಉಳಿಯುವುದಿಲ್ಲ."

ಇಲ್ಲಿ ಟಿಡಿಎಸ್ ಲೆಕ್ಕ 40,000ದ ಮೇಲೆ ಮಾತ್ರ. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯುವುದಿಲ್ಲ. ಗಂಟೆ ಉಳಿಯಿತೆಂದು ಜಿಎಸ್‌ಟಿಯೂ ಕಡಿಮೆಯಾಗುವುದಿಲ್ಲ, ಏಕೆಂದರೆ ಬಿಲ್ಲು ಪೂರ್ತಿ ಶುಲ್ಕದ್ದು.

ಅರ್ಧ ಗಂಟೆ ರದ್ದು ಮಾಡುವುದು ಜಿಪುಣತನ ಅನ್ನಿಸಬಹುದು. ಮಿತಿಯೇ ಇಲ್ಲದಿದ್ದರೆ ತಿಂಗಳಿಗೆ ಐದೂವರೆಯಂತೆ ಆರು ತಿಂಗಳಲ್ಲಿ 33 ಗಂಟೆ ಕೂಡಿಬೀಳುತ್ತದೆ. ಏಳನೇ ತಿಂಗಳು ಕಾರ್ಖಾನೆ 53 ಗಂಟೆ ಕೇಳಿದರೆ, ಉಳಿದ ಗಿರಾಕಿಗಳ ಕೆಲಸ ಬಿಟ್ಟು ಅವರೊಬ್ಬರೇ ಎಲ್ಲಿಂದ ತರಬೇಕು?

ಇಮೇಲ್‌ನ "ಮೊದಲು ಈ 5 ಗಂಟೆಯಲ್ಲಿ" ಎಂಬ ಮಾತನ್ನು ಬಹಳ ಜನ ಬರೆಯುವುದೇ ಇಲ್ಲ. ಜುಲೈನಲ್ಲಿ 23 ಗಂಟೆ ಕೆಲಸ ಆಯಿತೆನ್ನಿ. ಹಳೆಯ 5 ಮೊದಲು ಕಳೆದರೆ ಜುಲೈನ 20ರಲ್ಲಿ 18 ಖರ್ಚಾಗಿ, ಎರಡು ಗಂಟೆ ಆಗಸ್ಟ್‌ಗೆ ಹೋಗುತ್ತದೆ. ಜುಲೈನ 20 ಮೊದಲು ಕಳೆದರೆ ಹಳೆಯದರಲ್ಲಿ ಮೂರು ಮಾತ್ರ ಖರ್ಚಾಗುತ್ತದೆ. ಮಿಕ್ಕ ಎರಡು ಗಂಟೆ 31ಕ್ಕೆ ರದ್ದಾಗುತ್ತದೆ. ಕೆಲಸ ಅಷ್ಟೇ, ಕರಾರೂ ಅದೇ. ಆದರೂ ಕಾರ್ಖಾನೆಗೆ ಎರಡು ಗಂಟೆ ಕೈತಪ್ಪುತ್ತದೆ. ಈ ಕ್ರಮ ಕರಾರಿನಲ್ಲೂ ಇರಬೇಕು, ಪ್ರತಿ ತಿಂಗಳ ಇಮೇಲ್‌ನಲ್ಲೂ ಇರಬೇಕು.

ಕನ್ಸಲ್ಟೆಂಟ್‌ಗಳು ಮಾಡುವ ಒಂದು ತಪ್ಪೆಂದರೆ, ಉಳಿದ ಗಂಟೆಯ ಪಕ್ಕದಲ್ಲಿ ರೂಪಾಯಿ ಬರೆಯುವುದು. "5.5 ಗಂಟೆ, ಅಂದರೆ 11,000 ರೂ." ಎಂದು ಓದಿದವರು ಅದನ್ನು ತಮ್ಮ ಠೇವಣಿ ಎಂದುಕೊಳ್ಳುತ್ತಾರೆ. ಕರಾರು ಮುಗಿದ ದಿನ ಅದನ್ನು ವಾಪಸ್ ಕೇಳುವುದೂ ಸಹಜವೇ. ಉಳಿದ ಗಂಟೆಯನ್ನು ಗಂಟೆಯಲ್ಲೇ ತೋರಿಸಬೇಕು.

ಹಣ ಕೊಡುವವರು ಎರಡು ಕಡೆ ಕಣ್ಣಿಡಬೇಕು. ಹಿಂದಿನ ಇಮೇಲ್ ಮುಗಿದ ಬಾಕಿಯಿಂದಲೇ ಈ ತಿಂಗಳ ಲೆಕ್ಕ ಶುರುವಾಗಿದೆಯೇ ನೋಡಬೇಕು. ಇನ್ನೊಂದು, ಚಿಕ್ಕ ಫೋನ್ ಕರೆಗಳ ಲೆಕ್ಕ. ಪ್ರತಿ ಕರೆಯನ್ನೂ ಕಾಲು ಗಂಟೆ ಎಂದು ಹಿಡಿಯುವ ಕರಾರಿದ್ದರೆ, ಐದೈದು ನಿಮಿಷದ ಹತ್ತು ಕರೆಗಳು ಐವತ್ತು ನಿಮಿಷವಲ್ಲ, ಎರಡೂವರೆ ಗಂಟೆ. ದಿನದ ಕರೆಗಳನ್ನು ಒಟ್ಟು ಸೇರಿಸಿ ಆಮೇಲೆ ಕಾಲು ಗಂಟೆಗೆ ಏರಿಸುವುದು ನ್ಯಾಯವಾದ ರೀತಿ.

ನಾಲ್ಕಾರು ತಿಂಗಳ ಇಮೇಲ್‌ಗಳನ್ನು ಸಾಲಾಗಿ ಇಟ್ಟು ನೋಡಿದಾಗ ಪ್ರತಿ ಸಲವೂ ಐದಾರು ಗಂಟೆ ಉಳಿದಿದ್ದರೆ, ಜಗಳ ಆಡಬೇಕಾದ್ದು ರದ್ದಾದ ಅರ್ಧ ಗಂಟೆಗಲ್ಲ. ಮುಂದಿನ ಕರಾರನ್ನು 15 ಗಂಟೆಗೆ ಇಳಿಸಿ ಶುಲ್ಕದ ಮಾತಾಡಬೇಕು.